ಕೊಟ್ಟ ಆಫರ್ ವಾಪಸ್ ತಗೋಬೇಕಾಗಿದೆ, ಬಜೆಟ್ ಫ್ರೀಜ್. ಹುಡುಗನಿಗೆ ಹೇಗೆ ಹೇಳೋದು?

ಗ್ರೋತ್‌ಸೆಂಟರ್_ಎಚ್‌ಆರ್

ಹಾಸನ ಗ್ರೋತ್ ಸೆಂಟರಿನ ಒಂದು ಕಾರ್ಖಾನೆಯಲ್ಲಿ ಎಚ್‌ಆರ್ ನೋಡ್ಕೋತೀನಿ. ಇನ್ನೂರು ಚಿಲ್ಲರೆ ಜನ. ಎಚ್‌ಆರ್ ಅಂದ್ರೆ ನಾನು, ಟೈಮ್ ಆಫೀಸಿನಲ್ಲಿ ಇನ್ನೊಬ್ಬರು, ಅಷ್ಟೇ.

ನಿನ್ನೆ ಸಂಜೆ ಹೆಡ್ ಆಫೀಸಿಂದ ಮೇಲ್ ಬಂತು. ಎಕ್ಸ್‌ಪೋರ್ಟ್ ಆರ್ಡರ್ ಕಮ್ಮಿ ಆಗಿದೆ, ಈ ಹಣಕಾಸು ವರ್ಷ ಮುಗಿಯೋವರೆಗೆ ಹೊಸ ನೇಮಕ ಪೂರ್ತಿ ಬಂದ್, ಇನ್ನೂ ಸೇರದೇ ಇರೋರ ಆಫರ್‌ಗಳೂ ರದ್ದು. ನಮ್ಮಲ್ಲಿ ಹಾಗೆ ಸಿಕ್ಕಿಕೊಂಡಿರೋದು ಒಬ್ಬರೇ. ಕ್ವಾಲಿಟಿ ಇಂಜಿನಿಯರ್, ಸಿಟಿಸಿ 5.4 ಲಕ್ಷ, ಸದ್ಯ ಬೆಂಗಳೂರು ಪೀಣ್ಯದಲ್ಲಿ ಕೆಲಸ. ಊರು ಚನ್ನರಾಯಪಟ್ಟಣದ ಕಡೆ, ಅಪ್ಪ ಅಮ್ಮನ ಹತ್ತಿರ ಇರಬೇಕು ಅಂತಲೇ ಹಾಸನಕ್ಕೆ ಬರೋಕೆ ಒಪ್ಪಿದ್ರು. ಬರೋ 3ನೇ ತಾರೀಕು ಜಾಯಿನಿಂಗ್. ಇವತ್ತು 16. ರಾಜೀನಾಮೆ ಕೊಟ್ಟು ನೋಟಿಸ್ ಪೀರಿಯಡ್‌ನಲ್ಲಿದಾರೆ ಅಂತ ಗೊತ್ತು, ಕೊನೆಯ ದಿನ ಯಾವತ್ತು ಅಂತ ಸರಿಯಾಗಿ ಗೊತ್ತಿಲ್ಲ.

ಪ್ಲಾಂಟ್ ಹೆಡ್ ಹೇಳೋದು: "ಜಾಯಿನಿಂಗ್ ಸ್ವಲ್ಪ ಮುಂದಕ್ಕೆ ಹೋಗಿದೆ ಅಂತ ಹೇಳಮ್ಮ, ಆಮೇಲೆ ಅವರೇ ಬೇರೆ ಕಡೆ ನೋಡ್ಕೋತಾರೆ." ಇದು ನನಗೆ ಒಪ್ಪಿಗೆ ಇಲ್ಲ. ಆದ್ರೆ ಹೇಗೆ ಹೇಳಬೇಕು, ಫೋನಲ್ಲೋ ಮೇಲಲ್ಲೋ, ಏನೇನು ಕೊಡಬಹುದು ಅಂತ ಅನುಭವ ಇರೋರು ಹೇಳಿ.

ಅರಸೀಕೆರೆ_ತೆಂಗು

ಒಂದು ತಿಂಗಳ ನೋಟಿಸ್ ಕೊಡದೆ ತೆಗೆಯೋ ಹಾಗೇ ಇಲ್ಲ ಮೇಡಂ. ಲೇಬರ್ ಆಫೀಸಿಗೆ ಒಂದು ಅರ್ಜಿ ಬಿದ್ರೆ ಕಂಪನಿ ಓಡಿ ಬರಬೇಕು. ಗ್ರಾಚ್ಯುಟಿನೂ ಕೇಳೋಕೆ ಹೇಳಿ.

ಗ್ರೋತ್‌ಸೆಂಟರ್_ಎಚ್‌ಆರ್

ಸಾರ್, ಅವರು ಇನ್ನೂ ಕೆಲಸಕ್ಕೆ ಸೇರೇ ಇಲ್ಲ. ಆಫರ್ ಲೆಟರ್ ಮಾತ್ರ ಕೊಟ್ಟಿರೋದು.

ಅರಸೀಕೆರೆ_ತೆಂಗು

ಓ ಹಂಗಾ. ಸೇರೇ ಇಲ್ಲ ಅಂದ್ರೆ ಮತ್ತೇನು ತಲೆಬಿಸಿ, ಒಂದು ಮೇಲ್ ಹಾಕಿ ಮುಗಿಸಿ.

ಲಾ_ಓದ್ತಿರೋನು

ಹಾಗೆ ಮುಗಿಯಲ್ಲ. 1872ರ ಕಾಂಟ್ರ್ಯಾಕ್ಟ್ ಆ್ಯಕ್ಟ್ ಪ್ರಕಾರ ಆಫರ್‌ಗೆ ಒಪ್ಪಿಗೆ ಕೊಟ್ಟ ಕ್ಷಣವೇ ಕರಾರು ಆಗಿಹೋಯ್ತು. ಅವರು ಲೆಟರಿಗೆ ಸಹಿ ಹಾಕಿ ಕಳಿಸಿದ್ರೆ ಕಂಪನಿ ವಾಪಸ್ ತಗೊಳ್ಳೋಕೇ ಬರಲ್ಲ. ಕೋರ್ಟಿಗೆ ಹೋದ್ರೆ ಕೆಲಸ ಕೊಡಲೇಬೇಕಾಗುತ್ತೆ. ಆದ್ದರಿಂದ ಬರವಣಿಗೆಯಲ್ಲಿ ಏನೂ ಕೊಡಬೇಡಿ, ಬಾಯಲ್ಲಿ ಹೇಳಿ ಬಿಡಿ.

ನಿವೃತ್ತ_ಪರ್ಸನಲ್_ಚಿಕ್ಕಮಗಳೂರು

ತಮ್ಮಾ, ಅರ್ಧ ಸರಿ ಹೇಳಿದೀಯ. ಒಪ್ಪಿಗೆ ಕೊಡೋ ಮುಂಚೆ ಆಫರ್ ವಾಪಸ್ ತಗೋಬಹುದು, ಕೊಟ್ಟ ಮೇಲೆ ಅದು ಕರಾರು, ನಿಜ. ಆದ್ರೆ ಕರಾರು ಮುರಿದ್ರೆ ನಷ್ಟ ಕಟ್ಟಿಕೊಡು ಅಂತ ಕೋರ್ಟ್ ಹೇಳಬಹುದೇ ಹೊರತು, ಖಾಸಗಿ ಕಂಪನಿಗೆ "ಇವನನ್ನು ಕೂರಿಸ್ಕೊಂಡು ಕೆಲಸ ಮಾಡಿಸು" ಅಂತ ಸಾಮಾನ್ಯವಾಗಿ ಹೇಳಲ್ಲ. ಆ ನಷ್ಟಕ್ಕೂ ಹಾಸನದ ಹುಡುಗನೊಬ್ಬ ವಕೀಲರ ಫೀಸು ಕಟ್ಟಿ ವರ್ಷಗಟ್ಟಲೆ ಅಲೆದಾಡ್ತಾನಾ? ಅವನು ಅಲೆಯಲ್ಲ ಅಂತ ಗೊತ್ತಿದ್ದೇ ಎಷ್ಟೋ ಕಂಪನಿ ಹೀಗೆ ಮಾಡೋದು. ಬರವಣಿಗೆಯಲ್ಲಿ ಕೊಡಬೇಡಿ ಅನ್ನೋ ಸಲಹೆ ಅಂತೂ ಪೂರ್ತಿ ತಪ್ಪು. ಯಾಕೆ ಅಂತ ಮುಂದೆ ಹೇಳ್ತೀನಿ.

ಈಗ ಮೇಡಂಗೆ. ಕಾಫಿ ಕ್ಯೂರಿಂಗ್ ಮತ್ತೆ ಒಂದೆರಡು ಕಾರ್ಖಾನೆಗಳ ಪರ್ಸನಲ್ ಡಿಪಾರ್ಟ್‌ಮೆಂಟಿನಲ್ಲಿ ತಲೆ ಹಣ್ಣಾದವನು ನಾನು. ನಿಮ್ಮ ಪೋಸ್ಟಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಕೊನೆಯ ದಿನ ಯಾವತ್ತು ಗೊತ್ತಿಲ್ಲ ಅನ್ನೋದು. ಅದೊಂದು ತಾರೀಕಿನ ಮೇಲೆ ಎಲ್ಲ ನಿಂತಿದೆ. ಕೊನೆಯ ದಿನ ಇನ್ನೂ ಬಂದಿಲ್ಲ ಅಂದ್ರೆ ಅವನು ಈಗಲೂ ಪೀಣ್ಯದ ಕಂಪನಿಯ ನೌಕರ. ನಾಳೆ ಬೆಳಗ್ಗೆ ಮ್ಯಾನೇಜರ್ ಮುಂದೆ ನಿಂತು "ರಾಜೀನಾಮೆ ವಾಪಸ್ ತಗೋತೀನಿ" ಅಂತ ಕೇಳಬಹುದು. ಒಪ್ತಾರೋ ಇಲ್ವೋ ಬೇರೆ ಮಾತು. ರಾಜೀನಾಮೆಯನ್ನ ಅವರು ಬರವಣಿಗೆಯಲ್ಲಿ ಒಪ್ಪಿದಾರಾ, ಆ ಜಾಗಕ್ಕೆ ಬೇರೆಯವರನ್ನ ತಗೊಂಡಾಯ್ತಾ, ಕಂಪನಿ ನಿಯಮ ಏನು, ಇದೆಲ್ಲ ಬರುತ್ತೆ. ಆದ್ರೆ ಕೇಳೋಕೆ ಬಾಗಿಲು ತೆರೆದಿರುತ್ತೆ. ಕೊನೆಯ ದಿನ ದಾಟಿ ರಿಲೀವಿಂಗ್ ಲೆಟರ್ ಕೈಗೆ ಬಂದು, ಪಿಎಫ್‌ನಲ್ಲಿ ಕೆಲಸ ಬಿಟ್ಟ ತಾರೀಕು ಬಿದ್ದು, ಫೈನಲ್ ಸೆಟಲ್‌ಮೆಂಟ್ ಆಗಿಬಿಟ್ರೆ ಮುಗೀತು. ಆಮೇಲೆ ವಾಪಸ್ ಹೋದ್ರೂ ಹೊಸ ಅಭ್ಯರ್ಥಿಯಾಗಿಯೇ ಹೋಗಬೇಕು.

ಹಾಗಾಗಿ ನಿಮ್ಮ ಪ್ಲಾಂಟ್ ಹೆಡ್ ಹೇಳೋ "ಸ್ವಲ್ಪ ಮುಂದಕ್ಕೆ ಹೋಗಿದೆ" ಅನ್ನೋದು ಬರೀ ಸುಳ್ಳಲ್ಲ ಕಣಮ್ಮಾ. ಅದನ್ನ ನಂಬಿ ಅವನು ಸುಮ್ಮನೆ ಕಾಯ್ತಾನೆ, ಕಾಯ್ತಾ ಕಾಯ್ತಾ ಆ ಬಾಗಿಲು ಮುಚ್ಚಿಹೋಗುತ್ತೆ. ಇವತ್ತೇ ಹೇಳಿ. ಶುಕ್ರವಾರ ಸಂಜೆವರೆಗೆ ಎಳೀಬೇಡಿ. ಶನಿವಾರ ಭಾನುವಾರ ಅವನು ಯಾರ ಹತ್ತಿರ ಹೋಗಿ ಕೇಳ್ತಾನೆ?

ಪೀಣ್ಯ_ಟು_ಬೇಲೂರು

ನನಗೆ ಆಗಿದ್ದು ಇದೇ. ಕಂಪನಿ ಹೆಸರು ಬೇಡ. "ಆನ್‌ಬೋರ್ಡಿಂಗ್ ತಾರೀಕು ತಿಳಿಸ್ತೀವಿ" ಅಂತ ಎರಡು ತಿಂಗಳು ಮೇಲ್ ಬರ್ತಾನೇ ಇತ್ತು. ಪ್ರತಿ ಮೇಲ್‌ನಲ್ಲೂ ದಿಲ್‌ಖುಷ್ ಭಾಷೆ, "ನಿಮ್ಮನ್ನು ಸ್ವಾಗತಿಸಲು ಕಾತರರಾಗಿದ್ದೇವೆ" ಅಂತ. ಆ ಎರಡು ತಿಂಗಳಲ್ಲಿ ಬಂದ ಬೇರೆ ಇಂಟರ್‌ವ್ಯೂ ಕಾಲ್‌ಗಳಿಗೆ "ನನಗೆ ಆಗಲೇ ಆಫರ್ ಇದೆ" ಅಂತ ಹೇಳಿ ಬಿಟ್ಟೆ. ಕೊನೆಗೆ ಒಂದು ದಿನ ನನ್ನ ಫೋನೇ ಎತ್ತಲಿಲ್ಲ. ರದ್ದು ಅಂತ ಯಾರೂ ಇವತ್ತಿಗೂ ಹೇಳಿಲ್ಲ. ಮುಂದಿನ ಇಂಟರ್‌ವ್ಯೂನಲ್ಲಿ "ಯಾಕೆ ಗ್ಯಾಪ್, ಸೆಲೆಕ್ಟ್ ಆದ ಕಡೆ ಯಾಕೆ ಸೇರಲಿಲ್ಲ, ವೆರಿಫಿಕೇಷನ್‌ನಲ್ಲಿ ಏನಾದ್ರೂ ಸಿಕ್ಕಿತಾ" ಅಂತ ಕೇಳಿದ್ರೆ ತೋರಿಸೋಕೆ ನನ್ನ ಹತ್ರ ಒಂದು ಕಾಗದ ಇಲ್ಲ.

ಮೇಡಂ, ಅವರಿಗೆ ಬೈಯ್ಯೋ ಅವಕಾಶ ಆದ್ರೂ ಕೊಡಿ.

ನಿವೃತ್ತ_ಪರ್ಸನಲ್_ಚಿಕ್ಕಮಗಳೂರು

ಬರವಣಿಗೆ ಯಾಕೆ ಬೇಕು ಅನ್ನೋದಕ್ಕೆ ಬೇಲೂರಿನ ಗೆಳೆಯರೇ ಉತ್ತರ ಕೊಟ್ಟರು.

ಲೆಟರಿನಲ್ಲಿ ಮೂರೇ ವಿಷಯ ಇರಲಿ. ಇಂಥ ತಾರೀಕಿನ ಆಫರ್ ಇಂಥ ತಾರೀಕಿಂದ ರದ್ದಾಗಿದೆ. ಕಾರಣ, ಕಂಪನಿ ಬಜೆಟ್ ಕಾರಣಕ್ಕೆ ಎಲ್ಲ ಹೊಸ ನೇಮಕಾತಿ ನಿಲ್ಲಿಸಿದೆ. ಮೂರನೇದನ್ನ ಬಹಳ ಜನ ಬರೆಯಲ್ಲ: "ಈ ನಿರ್ಧಾರಕ್ಕೂ ಅಭ್ಯರ್ಥಿಯ ಅರ್ಹತೆ, ಸಂದರ್ಶನ, ದಾಖಲೆ ಪರಿಶೀಲನೆ ಇವುಗಳಿಗೂ ಯಾವ ಸಂಬಂಧವೂ ಇಲ್ಲ." ಆ ಒಂದು ವಾಕ್ಯ ಹಿಡ್ಕೊಂಡೇ ಅವನು ಹಳೇ ಮ್ಯಾನೇಜರ್ ಹತ್ರ ಹೋಗೋದು, ಹೊಸ ಇಂಟರ್‌ವ್ಯೂಗೂ ಹೋಗೋದು. ಸಹಿ, ಲೆಟರ್‌ಹೆಡ್ ಎರಡೂ ಇರಲಿ.

ಆದ್ರೆ ಮೊದಲು ಫೋನ್, ಅದಾದ ಅರ್ಧ ಗಂಟೆಯೊಳಗೆ ಲೆಟರ್. ಲೆಟರ್ ಮೊದಲು ಹೋದ್ರೆ ಶಾಪ್ ಫ್ಲೋರಿನಲ್ಲಿ ನಿಂತು ಮೊಬೈಲಲ್ಲಿ ಓದ್ತಾನೆ, ಪಕ್ಕದಲ್ಲಿ ನಾಲ್ಕು ಜನ ಇರ್ತಾರೆ.

ರೆಸ್ಯೂಮೆ_ಸಾಗಿಸುವವ

ನಾನು ಕನ್ಸಲ್ಟೆನ್ಸಿ ನಡೆಸ್ತೀನಿ, ಹಾಸನ ಮತ್ತೆ ಮೈಸೂರು ಕಡೆಗೆ ಜನ ಕೊಡ್ತೀನಿ. ಮೇಡಂ, ಈ ಕ್ಯಾಂಡಿಡೇಟ್ ಕನ್ಸಲ್ಟೆನ್ಸಿ ಮೂಲಕ ಬಂದಿದ್ರೆ ದಯವಿಟ್ಟು "ನೀವೇ ಹೇಳಿಬಿಡಿ" ಅಂತ ಅವರ ಮೇಲೆ ಹಾಕಬೇಡಿ. ನಮಗೆ ಹೀಗೆ ಎಷ್ಟೋ ಸಲ ಬರುತ್ತೆ. ನಮ್ಮ ಹತ್ರ ಕಾರಣ ಇರಲ್ಲ, ಅಧಿಕಾರ ಇರಲ್ಲ, ಅವರು ಕೇಳೋ ಒಂದು ಪ್ರಶ್ನೆಗೂ ಉತ್ತರ ಇರಲ್ಲ. ಇಂಟರ್‌ವ್ಯೂನಲ್ಲಿ ಅವರ ಎದುರು ಕೂತಿದ್ದು ನೀವು.

ಇನ್ನೊಂದು, ಸ್ವಲ್ಪ ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೊಂಡ ಹಾಗೆ. ನಮ್ಮ ಫೀಸು ಸಾಮಾನ್ಯವಾಗಿ ವಾರ್ಷಿಕ ಸಿಟಿಸಿಯ 8.33 ಪರ್ಸೆಂಟ್, ಅಂದ್ರೆ ಒಂದು ತಿಂಗಳ ಸಂಬಳ. ಕ್ಯಾಂಡಿಡೇಟ್ ಜಾಯಿನ್ ಆದ ಮೇಲೇ ಬಿಲ್ ಆಗೋದು. 5.4 ಲಕ್ಷಕ್ಕೆ ಹತ್ತಿರ ಹತ್ತಿರ 45,000, ಮೇಲೆ ಜಿಎಸ್‌ಟಿ. ಈಗ ಅವರು ಸೇರ್ತಾ ಇಲ್ಲ ಅಂದ್ರೆ ಆ ದುಡ್ಡು ನಿಮ್ಮ ಕಂಪನಿಗೆ ಉಳೀತು. ಅದನ್ನೇ ಅವರಿಗೆ ಕೊಡಿಸೋಕೆ ನೋಡಿ. ಫ್ರೀಜ್ ಇದೆ, ದುಡ್ಡಿಲ್ಲ ಅಂದ್ರೆ, ಹೋದ ತಿಂಗಳೇ ಲೆಕ್ಕ ಹಾಕಿಟ್ಟಿದ್ದ ದುಡ್ಡು ಸಾರ್ ಇದು ಅಂತ ಹೇಳಿ.

ಗ್ರೋತ್‌ಸೆಂಟರ್_ಎಚ್‌ಆರ್

ಹೌದು, ಕನ್ಸಲ್ಟೆನ್ಸಿ ಮೂಲಕವೇ ಬಂದಿದ್ದು. ಈ ಲೆಕ್ಕ ನನಗೆ ಹೊಳೆದೇ ಇರಲಿಲ್ಲ, ಥ್ಯಾಂಕ್ಸ್ ಸಾರ್.

ಲಾ_ಓದ್ತಿರೋನು

ಅಂಕಲ್ ಹೇಳಿದ್ದು ಒಪ್ಪಿದೆ, ನಷ್ಟ ಪರಿಹಾರ ಅಷ್ಟೇ. ಆದ್ರೂ ದುಡ್ಡು ಕೊಟ್ರೆ ತಪ್ಪು ಒಪ್ಪಿಕೊಂಡ ಹಾಗಾಗಲ್ವಾ? ಕೊಡೋದಾದ್ರೆ "ಇನ್ನು ಮುಂದೆ ಯಾವ ಕ್ಲೇಮೂ ಇಲ್ಲ" ಅಂತ ಸಹಿ ಹಾಕಿಸ್ಕೊಂಡೇ ಕೊಡಿ.

ನಿವೃತ್ತ_ಪರ್ಸನಲ್_ಚಿಕ್ಕಮಗಳೂರು

ದುಡ್ಡಿನ ವಿಷಯದಲ್ಲಿ ನಾನು ಮ್ಯಾನೇಜ್‌ಮೆಂಟಿಗೆ ಹೇಳ್ತಿದ್ದ ವಾದ ಬೇರೆ. ನಿಮ್ಮ ಆಫರ್ ಲೆಟರ್ ತೆಗೆದು ಪ್ರೊಬೇಷನ್‌ನಲ್ಲಿ ನೋಟಿಸ್ ಎಷ್ಟು ಅಂತ ನೋಡಿ. ಮೂವತ್ತು ದಿನ ಅಂತ ಇದೆ ಅನ್ಕೊಳ್ಳಿ. ಹುಡುಗ 3ಕ್ಕೆ ಸೇರಿ, ನೀವು 4ಕ್ಕೆ ಬೇಡ ಅಂದಿದ್ರೂ ಮೂವತ್ತು ದಿನದ ಸಂಬಳ ಕೊಟ್ಟೇ ಕಳಿಸಬೇಕಿತ್ತು. ಸೇರೋದಕ್ಕೆ ಮುಂಚೆ ಬೇಡ ಅಂದಿದ್ದಕ್ಕೆ ಸೊನ್ನೆ ಅಂದ್ರೆ ಅದು ಯಾವ ನ್ಯಾಯ? ಈ ಮಾತಿಗೆ ಫೈನಾನ್ಸಿನವರು ಸಾಮಾನ್ಯವಾಗಿ ಸುಮ್ಮನಾಗ್ತಾರೆ, ಯಾಕಂದ್ರೆ ಅದು ಅವರದೇ ಕಾಗದ.

ಸಹಿ ಹಾಕಿಸ್ಕೊಳ್ಳೋ ವಿಷಯ ಕಂಪನಿ ವಕೀಲರು ಕೇಳೇ ಕೇಳ್ತಾರೆ, ತಪ್ಪು ಅನ್ನಲ್ಲ. ಆದ್ರೆ ಸುದ್ದಿ ಹೇಳೋ ಫೋನಿನಲ್ಲೇ ಆ ಮಾತು ಎತ್ತಬೇಡಿ. ಎದೆ ಒಡೆದು ಕೂತಿರೋನ ಕೈಗೆ ಪೆನ್ನು ಕೊಟ್ಟ ಹಾಗಿರುತ್ತೆ. ಓದೋಕೆ, ಯಾರನ್ನಾದ್ರೂ ಕೇಳೋಕೆ ಒಂದು ವಾರ ಟೈಮ್ ಕೊಡಿ.

ಮೂಡಿಗೆರೆ_ಮಳೆ

ನಾನು ಬೇರೆ ಥರ ಯೋಚಿಸ್ತೀನಿ. ಫೋನ್ ಯಾಕೆ? ಹಾಸನದಿಂದ ಬೆಂಗಳೂರು ನೂರೆಂಬತ್ತು ಕಿಲೋಮೀಟರು, ಹೋಗಿ ಮುಖ ನೋಡಿ ಹೇಳಬೇಕು. ಕೆಲಸ ಕೊಡುವಾಗ ಹೂಗುಚ್ಛದ ಫೋಟೋ, ಕಿತ್ಕೊಳ್ಳುವಾಗ ಫೋನಾ?

ಪೀಣ್ಯ_ಟು_ಬೇಲೂರು

ಬೇಡ ಸಾರ್. ಎಚ್‌ಆರ್‌ನವರು ಹುಡ್ಕೊಂಡು ಬಂದು ಹೋಟೆಲಲ್ಲಿ ಕಾಫಿ ಕೊಡಿಸಿ ಹೇಳೋದಕ್ಕಿಂತ ಫೋನೇ ವಾಸಿ. ಫೋನ್ ಇಟ್ಟ ಮೇಲೆ ನಮ್ಮ ಮುಖ ಯಾರೂ ನೋಡಲ್ಲ. ಅಲ್ಲದೆ ಭೇಟಿಗೆ ಟೈಮ್ ಹೊಂದಿಸೋದ್ರಲ್ಲಿ ಎರಡು ದಿನ ಹೋಗುತ್ತೆ.

ಮೂಡಿಗೆರೆ_ಮಳೆ

ಇರಬಹುದು. ನನಗಂತೂ ಎದುರಿಗೆ ಹೇಳಿದ್ರೇ ಸಮಾಧಾನ.

ಗ್ರೋತ್‌ಸೆಂಟರ್_ಎಚ್‌ಆರ್

ಮಧ್ಯಾಹ್ನ ಮಾತಾಡಿದೆ. ಹೇಗಾಯ್ತು ಅಂತ ಬರೀತೀನಿ, ಮುಂದೆ ಇಂಥ ಫೋನ್ ಮಾಡಬೇಕಾದೋರಿಗೆ ಉಪಯೋಗ ಆಗಬಹುದು.

ಬೆಳಗ್ಗೆ ಮೊದಲು ಪ್ಲಾಂಟ್ ಹೆಡ್ ಹತ್ರ ಹೋಗಿ, ಪೋಸ್ಟ್‌ಪೋನ್ ಅಂತ ನಾನು ಹೇಳಲ್ಲ ಸಾರ್, ಹಾಗೆ ಹೇಳಿದ್ರೆ ಅವರು ಇರೋ ಕೆಲಸನೂ ಕಳ್ಕೋತಾರೆ ಅಂದೆ. ಆಗ ಅವರು, "ಸರಿ, ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಸರಿ ಬರಲಿಲ್ಲ ಅಂತ ಹೇಳಿಬಿಡು, ಕಂಪನಿಗೆ ಕೆಟ್ಟ ಹೆಸರು ಬರಲ್ಲ" ಅಂದ್ರು. ಅವರ ವೆರಿಫಿಕೇಷನ್ ಹೋದ ತಿಂಗಳೇ ಕ್ಲಿಯರ್ ಆಗಿದೆ, ರಿಪೋರ್ಟ್ ನನ್ನ ಫೈಲಲ್ಲೇ ಇದೆ. ಅದನ್ನ ತಂದು ಮೇಜಿನ ಮೇಲಿಟ್ಟೆ. ಆಮೇಲೆ ಏನೂ ಅನ್ನಲಿಲ್ಲ.

ಲಂಚ್ ಟೈಮಿಗೆ ಫೋನ್ ಮಾಡಿದೆ. "ಸಾರ್, ಹಾಸನದಿಂದ, ಆಫರ್ ವಿಷಯ. ಸುದ್ದಿ ಒಳ್ಳೇದಲ್ಲ. ಐದು ನಿಮಿಷ ಒಬ್ಬರೇ ನಿಂತು ಮಾತಾಡೋ ಜಾಗದಲ್ಲಿದೀರಾ?" ಅಂತ ಕೇಳಿದೆ. ಕ್ಯಾಂಟೀನಿನಿಂದ ಹೊರಗೆ ಬಂದ್ರು. "ಕಂಪನಿ ಎಲ್ಲ ಹೊಸ ನೇಮಕಾತಿ ನಿಲ್ಲಿಸಿದೆ. ನಿಮಗೆ ಕೊಟ್ಟ ಆಫರ್ ರದ್ದಾಗಿದೆ. ಮುಂದೂಡಿದ್ದಲ್ಲ, ರದ್ದು. 3ನೇ ತಾರೀಕಿಗೆ ಕೆಲಸ ಇಲ್ಲ. ನಿಮ್ಮ ಕಡೆಯಿಂದ ಯಾವ ಲೋಪವೂ ಇಲ್ಲ." ಇಷ್ಟು ಹೇಳಿ ಸುಮ್ಮನಾದೆ.

ತುಂಬಾ ಹೊತ್ತು ಅವರೂ ಮಾತಾಡಲಿಲ್ಲ. ಆಮೇಲೆ "ಮೇಡಂ, ಮನೆಗೆ ಅಡ್ವಾನ್ಸ್ ಕೊಟ್ಟಾಗಿದೆ" ಅಂದ್ರು. ವಿದ್ಯಾನಗರದಲ್ಲಿ ಬಾಡಿಗೆ ಮನೆ, 50,000 ಅಡ್ವಾನ್ಸ್. ಆಮೇಲೆ ಸಿಟ್ಟು ಬಂತು. "ರಾಜೀನಾಮೆ ಕೊಡಿ, ಬೇಗ ಬನ್ನಿ ಅಂತ ವಾರಕ್ಕೆ ಎರಡು ಸಲ ಫೋನ್ ಮಾಡಿದ್ದು ನೀವೇ ಅಲ್ವಾ" ಅಂದ್ರು. ಹೌದು ಸಾರ್, ನಾನೇ ಮಾಡಿದ್ದು ಅಂದೆ. ನನಗೂ ಬೇಜಾರಾಗಿದೆ, ಇನ್ನೂ ಒಳ್ಳೆ ಕೆಲಸ ಸಿಗುತ್ತೆ ಅನ್ನೋ ಮಾತು ಬಾಯಿವರೆಗೆ ಬಂತು. ಅದನ್ನ ಹೇಳಿದ್ರೆ ಅವರು ನನ್ನನ್ನ ಸಮಾಧಾನ ಮಾಡಬೇಕಾಗುತ್ತೆ ಅನ್ನಿಸಿ ನುಂಗಿಕೊಂಡೆ.

ಕೊನೆಯ ದಿನ ಯಾವತ್ತು ಅಂತ ಕೇಳಿದೆ. 28. ಅಂದ್ರೆ ಇನ್ನೂ ಟೈಮ್ ಇದೆ. ಅವರ ಜಾಗಕ್ಕೆ ಯಾರೂ ಬಂದಿಲ್ಲ, ಮ್ಯಾನೇಜರ್ ಬಿಡೋಕೆ ಮನಸ್ಸಿಲ್ಲದೆ ಬಿಟ್ಟಿದ್ದು ಅಂತಾನೂ ಹೇಳಿದ್ರು. ಬೇಕಾದ್ರೆ ನಾನೇ ನಿಮ್ಮ ಮ್ಯಾನೇಜರ್ ಹತ್ರ ಮಾತಾಡ್ತೀನಿ ಅಂದೆ, ಬೇಡ ಅಂದ್ರು. ಲೆಟರ್ ಮಾತ್ರ ತಕ್ಷಣ ಕಳಿಸಿ ಅಂದ್ರು. ಇಪ್ಪತ್ತು ನಿಮಿಷದಲ್ಲಿ ಹೋಯ್ತು, ಆ ಮೂರನೇ ವಾಕ್ಯ ಸಮೇತ.

ನಿವೃತ್ತ_ಪರ್ಸನಲ್_ಚಿಕ್ಕಮಗಳೂರು

ಅವರ ಒಪ್ಪಿಗೆ ಇಲ್ಲದೆ ಅವರ ಮ್ಯಾನೇಜರ್‌ಗೆ ಫೋನ್ ಮಾಡದೇ ಇದ್ದದ್ದು ಸರಿ. ಹಳೇ ಕಂಪನಿಗೆ ಅವರು ಏನಂತ ಹೇಳಿ ಬಿಟ್ಟಿದಾರೋ ನಮಗೇನು ಗೊತ್ತು. ಎಷ್ಟೋ ಜನ "ಅಪ್ಪನಿಗೆ ಹುಷಾರಿಲ್ಲ, ಊರಿಗೆ ಹೋಗ್ತೀನಿ" ಅಂದಿರ್ತಾರೆ.

ಮನೆ ಅಡ್ವಾನ್ಸ್ ವಿಷಯದಲ್ಲಿ ನೀವು ಹಾಸನದಲ್ಲೇ ಇರೋದು ಉಪಯೋಗಕ್ಕೆ ಬರುತ್ತೆ. ಅವರು ಒಪ್ಪಿದ್ರೆ ಮನೆ ಓನರ್ ಹತ್ರ ನೀವೇ ಹೋಗಿ ಲೆಟರ್ ತೋರಿಸಿ. ಮನೆಗೆ ಕಾಲಿಟ್ಟಿಲ್ಲ, ಬೀಗದ ಕೈ ತಗೊಂಡಿಲ್ಲ ಅಂದ್ರೆ ಒಂದು ತಿಂಗಳ ಬಾಡಿಗೆ ಹಿಡ್ಕೊಂಡು ಮಿಕ್ಕಿದ್ದು ಕೊಡೋ ಜನ ಇದಾರೆ. ಕೊಡದೇ ಇರೋರೂ ಇದಾರೆ.

ರೆಸ್ಯೂಮೆ_ಸಾಗಿಸುವವ

ಫ್ರೀಜ್ ತೆಗೆದ ಮೇಲೆ ನಿಮ್ಮನ್ನೇ ಕರೀತೀವಿ ಅಂತ ಹೇಳಿದ್ರಾ? ಅದನ್ನ ಹೇಳಬೇಕು ಮೇಡಂ, ಇಲ್ಲ ಅಂದ್ರೆ ಒಳ್ಳೆ ಕ್ಯಾಂಡಿಡೇಟ್ ಕೈ ತಪ್ಪಿ ಹೋಗ್ತಾರೆ.

ಪೀಣ್ಯ_ಟು_ಬೇಲೂರು

ದಯವಿಟ್ಟು ಬೇಡ. ಆ ಒಂದು ಮಾತು ಹಿಡ್ಕೊಂಡೇ ನಾನು ಎರಡು ತಿಂಗಳು ಕೂತಿದ್ದು.

ಗ್ರೋತ್‌ಸೆಂಟರ್_ಎಚ್‌ಆರ್

ಹೇಳಲಿಲ್ಲ. ಅವರೇ ಕೇಳಿದ್ರು, "ಏಪ್ರಿಲ್‌ನಲ್ಲಿ ತೆಗೀತಾರಾ" ಅಂತ. ತೆಗೆಯಬಹುದು, ತೆಗೆಯದೇನೂ ಇರಬಹುದು, ತೆಗೆದ್ರೂ ಈ ಪೋಸ್ಟ್ ಇರುತ್ತೆ ಅಂತ ನಾನು ಹೇಳೋಕಾಗಲ್ಲ, ನೀವು ಇದನ್ನ ಲೆಕ್ಕಕ್ಕೆ ಇಟ್ಕೋಬೇಡಿ ಅಂದೆ. ಪೋಸ್ಟ್ ಬಂದ್ರೆ ನಾನಾಗಿ ಫೋನ್ ಮಾಡ್ತೀನಿ ಅಂತ ಮಾತ್ರ ಸೇರಿಸಿದೆ. ಅದು ನನ್ನ ಕೈಲಿರೋ ವಿಷಯ. ರೆಸ್ಯೂಮೆ ಸಾರ್ ಹೇಳೋದರಲ್ಲೂ ಅರ್ಥ ಇದೆ, ಎಲ್ಲಿ ಗೆರೆ ಹಾಕಬೇಕು ಅಂತ ನನಗೆ ಪೂರ್ತಿ ಸ್ಪಷ್ಟ ಇಲ್ಲ.

ರೆಸ್ಯೂಮೆ_ಸಾಗಿಸುವವ

ನಾನಾಗಿದ್ರೆ ಸ್ವಲ್ಪ ಆಸೆ ಇಟ್ಟೇ ಮಾತಾಡ್ತಿದ್ದೆ. ಇರಲಿ, ನಿಮ್ಮ ನಿರ್ಧಾರ.

ಅವರ ರೆಸ್ಯೂಮೆ ನನಗೆ ಕಳಿಸೋಕೆ ಅವರನ್ನ ಕೇಳಿ. ಹೊಳೇನರಸೀಪುರ ರಸ್ತೆಯ ಕಡೆ ಒಂದು ಯೂನಿಟ್‌ನಲ್ಲಿ ಕ್ವಾಲಿಟಿಗೆ ಹುಡುಕ್ತಿದಾರೆ. ಸಂಬಳ ಇಷ್ಟಿರಲ್ಲ.

ಗ್ರೋತ್‌ಸೆಂಟರ್_ಎಚ್‌ಆರ್

ಎರಡು ದಿನದ ನಂತರ ಬರೀತಿದೀನಿ. ಅವರ ಮ್ಯಾನೇಜರ್ ರಾಜೀನಾಮೆ ವಾಪಸ್ ತಗೊಳ್ಳೋಕೆ ಒಪ್ಪಿದಾರೆ, ಮೇಲಿನವರ ಸಹಿ ಆಗಬೇಕಿದೆಯಂತೆ. ರೆಸ್ಯೂಮೆ ಸಾರ್ ನಂಬರ್ ಕೊಟ್ಟಿದೀನಿ. ಮನೆ ಓನರ್ ಅಮ್ಮನವರು 40,000 ವಾಪಸ್ ಕೊಡ್ತೀನಿ ಅಂದಿದಾರೆ, ಬೇರೆ ಬಾಡಿಗೆದಾರರು ಸಿಕ್ಕಿದ ಮೇಲೆ.

ಒಂದು ತಿಂಗಳ ಸಂಬಳ ಕೊಡಿಸಿ ಅಂತ ಹೆಡ್ ಆಫೀಸಿಗೆ ಬರೆದೆ, ಪ್ರೊಬೇಷನ್ ನೋಟಿಸ್ ವಾದ ಮತ್ತೆ ಕನ್ಸಲ್ಟೆನ್ಸಿ ಫೀಸಿನ ಲೆಕ್ಕ ಎರಡೂ ಹಾಕಿ. ಫೈನಾನ್ಸಿನವರ ಉತ್ತರ: "ಕೆಲಸ ವಾಪಸ್ ಸಿಕ್ಕಿದ್ರೆ ನಷ್ಟ ಏನಾಯ್ತು?" ಜೊತೆಗೆ, ನೌಕರನೇ ಅಲ್ಲದವನಿಗೆ ಯಾವ ಲೆಕ್ಕದಲ್ಲಿ ಕೊಡೋದು ಅಂತ.

ಮೂಡಿಗೆರೆ_ಮಳೆ

ಇದು ನನ್ನ ಏರಿಯಾ, ಅಕೌಂಟ್ಸ್. ರಿಕ್ರೂಟ್‌ಮೆಂಟ್ ಖರ್ಚಿನ ಹೆಡ್‌ಗೇ ಹಾಕಬಹುದು, ಅಲ್ಲೇ ತಾನೇ ಆ ಫೀಸು ಇಟ್ಟಿದ್ದು. ಸೇರೋ ಮುಂಚೆ ಕೊಟ್ಟಿದ್ದಕ್ಕೆ ಅವರಿಗೆ ತೆರಿಗೆ ಬೀಳುತ್ತಾ, ಟಿಡಿಎಸ್ ಹೇಗೆ ಅಂತ ನಿಮ್ಮ ಆಡಿಟರ್ ಹತ್ರ ಕೇಳ್ಕೊಳ್ಳಿ. ನಷ್ಟ ಏನಾಯ್ತು ಅಂದ್ರೆ ಮನೆಯ 10,000, ಅದು ಕಣ್ಣಿಗೆ ಕಾಣೋ ನಷ್ಟ. ಆ ರಸೀದಿ ಜೊತೆಗೆ ಇಡಿ.

ನಿವೃತ್ತ_ಪರ್ಸನಲ್_ಚಿಕ್ಕಮಗಳೂರು

ಮೇಲಿನವರ ಸಹಿ ಆಗೋವರೆಗೆ ಕೆಲಸ ವಾಪಸ್ ಸಿಕ್ಕಿತು ಅಂತ ಹೆಡ್ ಆಫೀಸಿಗೆ ಬರೀಬೇಡಿ. 28ರ ಒಳಗೆ ಆ ಕಾಗದ ಅವರ ಕೈಗೆ ಬಂತಾ ಅಂತ ಒಂದು ಫೋನ್ ಮಾಡಿ ಕೇಳಿ. ಬರಲಿಲ್ಲ ಅಂದ್ರೆ ಫೈನಾನ್ಸಿನವರ ಪ್ರಶ್ನೆಗೆ ಅದೇ ಉತ್ತರ.

ಗ್ರೋತ್‌ಸೆಂಟರ್_ಎಚ್‌ಆರ್

ಆಯ್ತು ಸಾರ್. 27ಕ್ಕೆ ಫೋನ್ ಮಾಡಿ ಇಲ್ಲೇ ಬರೀತೀನಿ.